ಸಂಗಾತಿಯ ದೂರು, ಎದುರಿಗಿಲ್ಲದ ಅಕ್ಕ

*ಇಂದಿನ ಚಿಂತನೆ: ಸಮ್ಯಕ್ ವಾಚಾ*

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಒಬ್ಬ ತರುಣ ಒಂದು ಪ್ರಶ್ನೆ ಕೇಳಿದ. “ಸರ್, ನನ್ನ ಹೆಂಡತಿ ನಮ್ಮವ್ವನ ಮ್ಯಾಲ ದೂರು ಹೇಳಿದಾಗ ನಾ ಏನ್ ಅನ್ನಬೇಕ್ರಿ? ಹೌದು ಅಂದ್ರ ಅವ್ವ ತಪ್ಪಾಗ್ತಾಳ, ಇಲ್ಲ ಅಂದ್ರ ಹೆಂಡತಿ ಮಾತು ಬಿಡ್ತಾಳ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ. ಇದೇ ಪ್ರಶ್ನೆಗೆ ನಾನು ಮೂರು ಸಲ ತಪ್ಪು ಉತ್ತರ ಬರೆದವನು. ನಾಲ್ಕನೆಯ ಸಲಕ್ಕೆ ಪಾಸಾದೆ, ಅದೂ ಜಸ್ಟ್ ಪಾಸ್. ಆ ಸಂಗತಿಯನ್ನೇ ಇಂದು ಪಾಠವಾಗಿ ಇಟ್ಟುಕೊಳ್ಳೋಣ. ಬರೆಯುವ ಮೊದಲು ನನ್ನ ಹೆಂಡತಿಯನ್ನೂ ಅಕ್ಕನನ್ನೂ ಕೇಳಿದ್ದೇನೆ. ಇಬ್ಬರೂ “ಬರಿ” ಎಂದಿದ್ದಾರೆ.

*ನಡೆದದ್ದು*

ಒಂದು ಜೂನ್ ತಿಂಗಳಲ್ಲಿ ನನ್ನ ಅಕ್ಕ ಮಗಳ ನರ್ಸಿಂಗ್ ಕಾಲೇಜಿನ ಫೀಸಿಗೆಂದು 50,000 ರೂಪಾಯಿ ಕೇಳಿದಳು. ನನ್ನ ಖಾತೆಯಲ್ಲಿ 30,000 ಇತ್ತು. ಉಳಿದ 20,000 ಹೆಂಡತಿ ಸ್ವಸಹಾಯ ಸಂಘದಲ್ಲಿ ಕೂಡಿಟ್ಟ ಹಣ. ಅಕ್ಕನಿಗೆ ಫೋನಿನಲ್ಲೇ “ಆಯ್ತು ಕೊಡ್ತೀನಿ” ಎಂದುಬಿಟ್ಟೆ. ಹೆಂಡತಿಗೆ ಹೇಳಿದ್ದು ಆಮೇಲೆ. ಆಕೆ ಬೇಡವೆನ್ನಲಿಲ್ಲ, ತೆಗೆದುಕೊಟ್ಟಳು. ತೊಗರಿ ರಾಶಿ ಆದಮೇಲೆ, ಜನವರಿಯಲ್ಲಿ ತಿರುಗಿ ಕೊಡುತ್ತೇನೆ ಎಂದು ಅಕ್ಕ ಹೇಳಿದ್ದಳು.

ಜನವರಿ ಹೋಯಿತು, ಫೆಬ್ರವರಿ ಹೋಯಿತು. ಮಾರ್ಚ್‌ನಲ್ಲಿ ಒಂದು ಮದುವೆಗೆಂದು ಹೆಂಡತಿ ಅಕ್ಕನ ಊರಿಗೆ ಹೋಗಿ ಬಂದಳು. ಆ ರಾತ್ರಿ ಊಟವಾಗಿ ಮಕ್ಕಳು ಮಲಗಿದ ಮೇಲೆ ಹೇಳಿದಳು: “ನಿಮ್ಮಕ್ಕಗ ನಮ್ಮ ರೊಕ್ಕ ಕೊಡಲಿಕ್ಕ ಆಗಂಗಿಲ್ಲ, ಹೊಸಾ ಫ್ರಿಜ್ ತರಲಿಕ್ಕ ಆಗ್ತದ. ಬೇಕಂತೇಳೇ ನಮಗ ಮೋಸ ಮಾಡ್ಲಿಕತ್ತಾರ.”

ಮೊದಲ ರಾತ್ರಿ ನಾನು ವಕೀಲನಾದೆ. “ನಮ್ಮಕ್ಕ ಅಂಥಾಕಿ ಅಲ್ಲ. ಏನೋ ಅಡಚಣಿ ಆಗಿರಬೇಕು. ನೀ ಸುಮ್ನ ಸಂಶಯ ಪಡ್ತಿ.” ಹೆಂಡತಿ ಸುಮ್ಮನಾಗಲಿಲ್ಲ. ಮದುವೆಯಾದ ವರ್ಷದಿಂದ ಅಕ್ಕ ಆಡಿದ ಐದಾರು ಮಾತುಗಳನ್ನು ಒಂದೊಂದಾಗಿ ತೆಗೆದಿಟ್ಟಳು. ನಾನು ಅಕ್ಕನ ಪರ ವಾದ ಮಾಡಿದಷ್ಟೂ ಆಕೆ ಅಕ್ಕನ ವಿರುದ್ಧ ಸಾಕ್ಷಿ ತರಬೇಕಾಯಿತು. ಫ್ರಿಜ್ಜಿನ ದೂರು ಹತ್ತು ವರ್ಷದ ದೂರಾಯಿತು.

ಎರಡನೆಯ ರಾತ್ರಿ ನನಗೆ ಪಶ್ಚಾತ್ತಾಪವಾಗಿತ್ತು. ಹೆಂಡತಿಯನ್ನು ಸಮಾಧಾನ ಮಾಡಬೇಕೆಂದು ಪಕ್ಷ ಬದಲಿಸಿದೆ. “ಹೌದು ಬಿಡು, ಅಕ್ಕ ಮೊದಲಿಂದನೂ ಹಂಗೇ. ತನ್ನದಷ್ಟೇ ನೋಡ್ಕೊಳ್ಳಾಕಿ.” ಆಕೆ ತಣ್ಣಗಾದಳು. ಗೆದ್ದೆ ಅಂದುಕೊಂಡೆ. ನಾಲ್ಕು ದಿನ ಬಿಟ್ಟು ಅಕ್ಕನ ಫೋನ್ ಬಂತು. ಏನೋ ಮಾತಿಗೆ ಮಾತು ಬೆಳೆದು ಹೆಂಡತಿ ಅಂದಳು: “ನಾ ಒಬ್ಬಾಕಿ ಅನ್ನೋದಲ್ಲ, ನಿಮ್ಮ ತಮ್ಮನೇ ಹೇಳ್ಯಾರ, ನೀವು ನಿಮ್ಮದಷ್ಟೇ ನೋಡ್ಕೊಳ್ಳಾರು ಅಂತ.” ಅಕ್ಕ ಫೋನ್ ಇಟ್ಟಳು. ಮುಂದೆ ಮೂರು ವಾರ ಮಾಡಲಿಲ್ಲ.

ಮೂರನೆಯ ಸಲ ಹೆಂಡತಿ ಇದೇ ಮಾತು ತೆಗೆದಾಗ ಹೆದರಿಕೆಯಿಂದ ಉತ್ತರಪತ್ರಿಕೆಗಳ ಕಟ್ಟು ಮುಂದಿಟ್ಟುಕೊಂಡು “ಹ್ಞೂಂ, ಹ್ಞೂಂ” ಎನ್ನುತ್ತ ಕೂತೆ. ಆಕೆ ಸ್ವಲ್ಪ ಹೊತ್ತು ನೋಡಿ ಎದ್ದುಹೋದಳು. ಆ “ಹ್ಞೂಂ” ಎಲ್ಲಕ್ಕಿಂತ ಹೆಚ್ಚು ನೋಯಿಸಿತು ಎಂದು ಆಕೆ ನನಗೆ ಹೇಳಿದ್ದು ಬಹಳ ದಿನಗಳ ನಂತರ.

*ನಾಲ್ಕು ಅಡ್ಡದಾರಿಗಳು*

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಗೃಹಸ್ಥನೊಬ್ಬನಿಗೆ ಮನುಷ್ಯ ದಾರಿ ತಪ್ಪುವ ನಾಲ್ಕು ಬಗೆ ಹೇಳುತ್ತಾರೆ. ಪಾಳಿಯಲ್ಲಿ ಇವಕ್ಕೆ ಅಗತಿ ಎನ್ನುತ್ತಾರೆ. ಛಂದ ಎಂದರೆ ನಮ್ಮವರೆಂಬ ಒಲವು. ದೋಸ ಎಂದರೆ ದ್ವೇಷ. ಮೋಹ ಎಂದರೆ ತಿಳಿಯದಿರುವಿಕೆ. ನಾಲ್ಕನೆಯದು ಭಯ. ಇವನ್ನು ನಾವು ನ್ಯಾಯಾಧೀಶರಿಗೆ, ಪಂಚರಿಗೆ, ಅಧಿಕಾರಿಗಳಿಗೆ ಅನ್ವಯಿಸಿ ಓದುತ್ತೇವೆ. ಆದರೆ ಬುದ್ಧರು ಇದನ್ನು ಹೇಳಿದ್ದು ಸಂಸಾರ ಮಾಡುವ ಸಾಮಾನ್ಯ ಮನುಷ್ಯನಿಗೆ.

ನನ್ನ ಮೂರು ರಾತ್ರಿಗಳನ್ನು ಅದರ ಪಕ್ಕ ಇಟ್ಟು ನೋಡಿ. ಮೊದಲ ರಾತ್ರಿ ಅಕ್ಕನ ಮೇಲಿನ ಒಲವಿನಿಂದ ಮಾತಾಡಿದೆ. ಎರಡನೆಯ ರಾತ್ರಿ ಅಕ್ಕನ ಮೇಲೆ ಇಲ್ಲದ ಕೋಪವನ್ನು ಹೆಂಡತಿಯಿಂದ ಸಾಲ ತಂದು ಮಾತಾಡಿದೆ. ಮೂರನೆಯ ರಾತ್ರಿ ಭಯದಿಂದ ಮಾತೇ ಆಡಲಿಲ್ಲ. ಈ ಮೂರರ ಬುಡದಲ್ಲಿ ನಾಲ್ಕನೆಯದು ಇದ್ದೇ ಇತ್ತು. ಆ ಫ್ರಿಜ್ಜಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಯಾರು ತಂದರು, ಯಾವಾಗ ತಂದರು, ಯಾವ ಹಣದಲ್ಲಿ ತಂದರು ಎಂದು ಒಂದು ಪ್ರಶ್ನೆಯನ್ನೂ ಕೇಳದೆ ಮೂರು ತೀರ್ಪು ಕೊಟ್ಟಿದ್ದೆ.

ತಟಸ್ಥನಾಗಿರುವುದೆಂದರೆ ಮೂರನೆಯ ರಾತ್ರಿಯಂತೆ ಸುಮ್ಮನಿರುವುದು ಎಂದು ಬಹಳ ಜನ ತಿಳಿದಿದ್ದಾರೆ. ಸುಮ್ಮನಿರುವುದೂ ಒಂದು ಪಕ್ಷವೇ. ನೊಂದು ಹೇಳುವವರಿಗೆ ಅದು “ನಿನ್ನ ನೋವು ನನಗೆ ಮುಖ್ಯವಲ್ಲ” ಎಂದೇ ಕೇಳಿಸುತ್ತದೆ. ಇಲ್ಲಿ ಒಂದರೊಳಗೊಂದು ಹೆಣೆದುಕೊಂಡ ಎರಡು ಸಂಗತಿಗಳಿವೆ, ಅವನ್ನು ಬಿಡಿಸಿಕೊಳ್ಳಬೇಕು. ಎದುರಿಗೆ ಕೂತವರಿಗೆ ಆದ ನೋವು ಒಂದು. ಎದುರಿಗಿಲ್ಲದವರ ಮೇಲಿನ ತೀರ್ಪು ಇನ್ನೊಂದು. ನೋವಿಗೆ ಪೂರ್ತಿ ಕಿವಿ ಕೊಡಬಹುದು. ತೀರ್ಪನ್ನು ತಡೆದಿಡಬಹುದು. ಎರಡೂ ಒಟ್ಟಿಗೆ ಸಾಧ್ಯ. ಇಂದಿನ ಪಾಠವೆಲ್ಲ ಇಷ್ಟೇ, ಮಿಕ್ಕದ್ದು ಅಭ್ಯಾಸ.

*ಕೋಸಂಬಿಯ ನೀರಿನ ಪಾತ್ರೆ*

ಈ ಬಗ್ಗೆ ಸಂಘದ ಚರಿತ್ರೆಯಲ್ಲೇ ಒಂದು ಪ್ರಸಂಗ ಇದೆ. ಕೋಸಂಬಿಯಲ್ಲಿ ಒಬ್ಬ ಭಿಕ್ಕು ಧಮ್ಮ ಬಲ್ಲವರು, ಇನ್ನೊಬ್ಬರು ವಿನಯ ಬಲ್ಲವರು. ಅಟ್ಠಕಥೆಯ ಪ್ರಕಾರ, ಧಮ್ಮ ಬಲ್ಲವರು ಒಂದು ದಿನ ಶೌಚದ ಪಾತ್ರೆಯಲ್ಲಿ ನೀರು ಉಳಿಸಿ ಬಂದರು. ವಿನಯ ಬಲ್ಲವರು “ಇದು ತಪ್ಪು” ಎಂದರು. “ಹಾಗಾದರೆ ಒಪ್ಪಿಕೊಳ್ಳುತ್ತೇನೆ” ಎಂದರೆ, “ಗೊತ್ತಿಲ್ಲದೆ ಮಾಡಿದ್ದರೆ ತಪ್ಪಿಲ್ಲ” ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಿನಯ ಬಲ್ಲವರು ತಮ್ಮ ಶಿಷ್ಯರ ಮುಂದೆ “ಅವರು ತಪ್ಪು ಮಾಡಿದರೂ ಅವರಿಗೆ ತಿಳಿಯದು” ಎಂದರು. ಆ ಶಿಷ್ಯರು ಹೋಗಿ ಆ ಕಡೆಯ ಶಿಷ್ಯರಿಗೆ ಹೇಳಿದರು. ಅವರು ತಮ್ಮ ಗುರುವಿಗೆ ಹೇಳಿದರು. “ಆಗ ತಪ್ಪಿಲ್ಲ ಎಂದವರು ಈಗ ತಪ್ಪು ಎನ್ನುತ್ತಾರೆ, ಅವರು ಸುಳ್ಳುಗಾರರು” ಎಂದು ಅವರೂ ಅಂದರು. ಆ ಮಾತು ಮತ್ತೆ ಈ ಕಡೆಗೆ ಬಂತು. ಪಾತ್ರೆಯಲ್ಲಿದ್ದ ನೀರು ಒಂದಿಷ್ಟು. ಸಂಘ ಎರಡಾಯಿತು.

ಗಮನಿಸಿ, ಇಬ್ಬರು ಎದುರುಬದುರು ನಿಂತು ಆಡಿದ ಮಾತಿನಿಂದ ಜಗಳ ಹುಟ್ಟಲಿಲ್ಲ. ಎದುರಿಗಿಲ್ಲದಾಗ ಆಡಿದ ಮಾತು, ಅದನ್ನು ಹೊತ್ತು ಒಯ್ದವರ ಬಾಯಲ್ಲಿ ಬೆಳೆಯಿತು.

ಬುದ್ಧರು ಇಲ್ಲಿ ಏನು ಮಾಡಿದರು? ದಂಡಿಸಿದವರ ಬಳಿಗೆ ಹೋಗಿ, ಅವಸರದಲ್ಲಿ ದಂಡಿಸಬೇಡಿ, ಸಂಘ ಒಡೆಯುವ ಅಪಾಯ ನೋಡಿ ಎಂದರು. ದಂಡನೆಗೆ ಒಳಗಾದವರ ಬಳಿಗೆ ಹೋಗಿ, ಸಂಘದ ಒಳಿತಿಗಾಗಿ ತಪ್ಪನ್ನು ಒಪ್ಪಿಕೊಳ್ಳುವುದು ಒಳ್ಳೆಯದು ಎಂದರು. ಇವರ ಬಳಿ ಅವರನ್ನು ಬೈಯಲಿಲ್ಲ, ಅವರ ಬಳಿ ಇವರನ್ನು ಬೈಯಲಿಲ್ಲ. ಪ್ರತಿಯೊಬ್ಬರ ಬಳಿ ಅವರವರ ಪಾಲಿನ ಕೆಲಸವನ್ನಷ್ಟೇ ಹೇಳಿದರು. ಅದಕ್ಕೆ ಅವರು ಕೂಡಲೇ ಕಿವಿಗೊಡಲಿಲ್ಲ ಎಂಬುದೂ ಕಥೆಯಲ್ಲಿದೆ. ಸರಿಯಾದ ಮಾತು ಆಡಿದ ಕೂಡಲೇ ಫಲ ಬರಬೇಕೆಂದಿಲ್ಲ. ಮುಂದೆ ಜಗಳವಾಡಿದ ಭಿಕ್ಕುಗಳು ಸಾವತ್ಥಿಗೆ ಬಂದಾಗ, ಅವರೊಡನೆ ಹೇಗೆ ನಡೆದುಕೊಳ್ಳಲಿ ಎಂದು ಮಹಾಪಜಾಪತಿ ಗೋತಮಿ ಕೇಳಿದರು. ಎರಡೂ ಕಡೆಯವರ ಮಾತು ಕೇಳು, ಕೇಳಿದ ಮೇಲೆ ಯಾರು ಧಮ್ಮದಂತೆ ನುಡಿಯುತ್ತಾರೋ ಅವರ ಮಾತನ್ನು ಒಪ್ಪು ಎಂಬುದು ಬುದ್ಧರ ಉತ್ತರದ ತಾತ್ಪರ್ಯ. ತಟಸ್ಥನಾದವನು ಕೊನೆಯವರೆಗೂ ಅಭಿಪ್ರಾಯವೇ ಇಲ್ಲದೆ ಇರಬೇಕಿಲ್ಲ. ಎರಡೂ ಕಡೆ ಕೇಳುವವರೆಗೆ ತಡೆದರೆ ಸಾಕು.

*ನಾಲ್ಕನೆಯ ರಾತ್ರಿ*

ಅಕ್ಕನ ಫೋನ್ ನಿಂತು ಮೂರು ವಾರವಾಗಿತ್ತು. ಹೆಂಡತಿ ಮತ್ತೆ ಮಾತು ತೆಗೆದಳು. ಈ ಸಲ ಉತ್ತರಪತ್ರಿಕೆ ಪಕ್ಕಕ್ಕಿಟ್ಟೆ, ಫೋನನ್ನು ಬೋರಲು ಹಾಕಿದೆ. ನಡೆದ ಮಾತುಕತೆಯನ್ನು ನೆನಪಿರುವಷ್ಟು ಬರೆಯುತ್ತೇನೆ.

“ವರ್ಷ ಆಗ್ಲಿಕ್ಕ ಬಂತು. ಒಂದ್ ಮಾತು ಹೇಳಿಲ್ಲ ನಿಮ್ಮಕ್ಕ. ನಾವೇನ್ ಹುಚ್ಚರಾ?”

“ಜನವರಿಯೊಳಗ ಕೊಡ್ತೀನಿ ಅಂದಾಕಿ ಕೊಡಲಿಲ್ಲ. ಯಾಕ ಆಗಲಿಲ್ಲ ಅಂತ ಹೇಳಲೂ ಇಲ್ಲ. ಮ್ಯಾಲ ಹೊಸಾ ಫ್ರಿಜ್ ನಿನ್ನ ಕಣ್ಣಿಗೆ ಬಿತ್ತು. ನಿನಗ ಸಿಟ್ಟು ಬಂದದ, ಅಪಮಾನನೂ ಆಗ್ಯದ. ಹೌದಿಲ್ಲೋ?”

ಆಕೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಅಂದಳು: “ಅಪಮಾನನೇ ಆಗ್ಯದ.”

ನಾನು ಹೇಳಿದ್ದರಲ್ಲಿ ಅಕ್ಕನ ಬಗ್ಗೆ ಇದ್ದದ್ದು ಗೊತ್ತಿದ್ದ ಸಂಗತಿ ಮಾತ್ರ. ಹಣ ಬಂದಿಲ್ಲ, ಸುದ್ದಿ ಬಂದಿಲ್ಲ, ಫ್ರಿಜ್ ಇದೆ. “ಮೋಸ” ಎಂಬ ಪದವನ್ನು ನಾನು ಎತ್ತಿಕೊಳ್ಳಲಿಲ್ಲ, ಅಲ್ಲಗಳೆಯಲೂ ಇಲ್ಲ. ಹೆಂಡತಿಯ ಬಗ್ಗೆ ಮಾತ್ರ ಆಕೆಗೆ ಹೇಗೆ ಅನಿಸಿರಬಹುದೋ ಅದನ್ನು ಹೇಳಿ, ಸರಿಯೇ ಎಂದು ಕೇಳಿದೆ. ತಪ್ಪಾಗಿದ್ದರೆ ಆಕೆ ತಿದ್ದುತ್ತಿದ್ದಳು. ಒಬ್ಬರ ನೋವನ್ನು ಒಪ್ಪುವುದಕ್ಕೆ ಇನ್ನೊಬ್ಬರನ್ನು ತಪ್ಪಿತಸ್ಥರನ್ನಾಗಿ ಮಾಡುವ ಅಗತ್ಯವಿಲ್ಲ ಎಂದು ನನಗೆ ತಿಳಿದದ್ದು ಆ ಕ್ಷಣದಲ್ಲಿ.

ಸ್ವಲ್ಪ ತಡೆದು ಕೇಳಿದೆ: “ಈಗ ನಾ ಬರೇ ಕೇಳ್ಲ್ಯಾ, ಅಥವಾ ಏನರ ಮಾಡಬೇಕಂತೀಯಾ?”

ಈ ಪ್ರಶ್ನೆ ಚಿಕ್ಕದು, ಆದರೆ ಬಹಳ ಕೆಲಸ ಮಾಡುತ್ತದೆ. ಕೆಲವು ದಿನ ಸಂಗಾತಿಗೆ ಬೇಕಿರುವುದು ಕಿವಿ ಮಾತ್ರ. ಅಂದು ಪರಿಹಾರ ಹೇಳಹೋದರೆ ಬಾಯಿ ಮುಚ್ಚಿಸಿದಂತೆ ಆಗುತ್ತದೆ. ಕೆಲವು ದಿನ ಏನಾದರೂ ಆಗಲೇಬೇಕಿರುತ್ತದೆ. ಅಂದು ಬರಿ ಕೇಳುತ್ತ ಕೂತರೆ ಅದು ಮೂರನೆಯ ರಾತ್ರಿಯ “ಹ್ಞೂಂ” ಆಗುತ್ತದೆ. ಎರಡರಲ್ಲಿ ಯಾವುದು ಎಂದು ಊಹಿಸುವುದಕ್ಕಿಂತ ಕೇಳುವುದೇ ಮೇಲು.

ಆಕೆ ಕೊಟ್ಟ ಉತ್ತರ ನಾನು ಎಣಿಸಿದ್ದಲ್ಲ. “ರೊಕ್ಕ ನಾಳೆನೇ ಬರಬೇಕು ಅಂತ ನಾ ಅಂದಿಲ್ರಿ. ಆ 20,000 ನಂದು. ನೀವು ಅಕ್ಕಗ ಫೋನ್‌ನಾಗ ಹ್ಞೂಂ ಅಂದ ಮ್ಯಾಲ ನನಗ ಹೇಳಿದ್ರಿ. ನಾ ಹ್ಯಾಂಗ ಬ್ಯಾಡ ಅನ್ನಲಿ?”

ಅಕ್ಕನ ಮೇಲೆ ಒಂದು ತಿಂಗಳಿನಿಂದ ಬರುತ್ತಿದ್ದ ದೂರಿನಲ್ಲಿ ಅರ್ಧ ನನ್ನ ಮೇಲಿನದಾಗಿತ್ತು. ಇದು ನಮ್ಮ ಮನೆಯ ವಿಶೇಷವೇನೂ ಅಲ್ಲ. ಕುಟುಂಬಗಳನ್ನು ಅಧ್ಯಯನ ಮಾಡಿದ ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಇದನ್ನು ತ್ರಿಕೋನ ಎಂದು ಕರೆದರು. ಇಬ್ಬರ ನಡುವಿನ ಬಿಗಿ ತಾಳಲಾರದಷ್ಟು ಹೆಚ್ಚಿದಾಗ ಮೂರನೆಯವರೊಬ್ಬರು ಅದರೊಳಗೆ ಎಳೆಯಲ್ಪಡುತ್ತಾರೆ. ಆಗ ಮೂಲದ ಮಾತು ಆಡದೆಯೇ ಉಳಿಯುತ್ತದೆ. ನನ್ನ ಹೆಂಡತಿಗೆ “ನೀವು ನನ್ನನ್ನ ಕೇಳಲಿಲ್ಲ” ಎನ್ನುವುದಕ್ಕಿಂತ “ನಿಮ್ಮಕ್ಕ ಮೋಸ ಮಾಡ್ಯಾರ” ಎನ್ನುವುದು ಸುಲಭವಾಗಿತ್ತು. ನನಗೂ ಅದೇ ಸುಲಭ. ನಾನು ಅಕ್ಕನ ಪರವೋ ವಿರುದ್ಧವೋ ವಾದ ಮಾಡುತ್ತಿರುವವರೆಗೆ ನನ್ನ ತಪ್ಪಿನ ಮಾತೇ ಬರುವುದಿಲ್ಲವಲ್ಲ!

ಹಾಗೆಂದು ಎಲ್ಲ ದೂರನ್ನೂ “ಅಸಲಿಗೆ ನಿನ್ನ ಸಿಟ್ಟು ನನ್ನ ಮೇಲೆ” ಎಂದು ತಿರುಗಿಸಬೇಡಿ. ಅದೂ ಒಂದು ಜಾಣತನ ಆಗಿಬಿಡುತ್ತದೆ. ಅಕ್ಕನ ಹಣ ಬಾಕಿ ಇದ್ದದ್ದು ನಿಜ. “ನನ್ನಿಂದ ಏನಾಗಬೇಕು” ಎಂದು ಕೇಳಿ, ಬಂದ ಉತ್ತರವನ್ನು ಸಮರ್ಥನೆ ಇಲ್ಲದೆ ತೆಗೆದುಕೊಳ್ಳಿ, ಸಾಕು. ನಾನು ಹೇಳಿದೆ: “ಅದು ನನ್ನ ತಪ್ಪು. ನಿನ್ನ ರೊಕ್ಕ, ನಿನಗ ಕೇಳಿ ಆಮ್ಯಾಲ ಮಾತು ಕೊಡಬೇಕಿತ್ತು.” “ಆದ್ರ” ಎಂಬ ಪದ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

*ಕಂಡದ್ದು ಯಾವುದು, ಅಂದುಕೊಂಡದ್ದು ಯಾವುದು*

ಇಷ್ಟಾದ ಮೇಲೆ ಮಾತ್ರ ಫ್ರಿಜ್ಜಿನ ವಿಷಯಕ್ಕೆ ಬಂದೆ. ಈ ಕ್ರಮ ಮುಖ್ಯ. ನೋವು ಹೇಳುತ್ತಿರುವವರನ್ನು ಮೊದಲೇ “ನೀ ಕಣ್ಣಾರೆ ನೋಡಿದ್ಯಾ? ಯಾರು ಹೇಳಿದ್ರು?” ಎಂದರೆ ಅದು ಪಾಟೀಸವಾಲು. ಕೇಳಿದರು ಎಂಬ ನೆಮ್ಮದಿ ಬಂದ ಮೇಲೆ ಅದೇ ಪ್ರಶ್ನೆ ಜೊತೆಗೂಡಿ ಹುಡುಕುವ ಪ್ರಶ್ನೆ ಆಗುತ್ತದೆ.

“ಫ್ರಿಜ್ ಯಾರು ತಂದ್ರು ಅಂತ ಏನರ ಮಾತು ಬಂತೇನು ಅಲ್ಲಿ?”

“ಇಲ್ಲ. ನಾನೂ ಕೇಳಲಿಲ್ಲ.”

“ತೊಗರಿ ಹ್ಯಾಂಗ ಆಯ್ತು ಅಂದ್ರು?”

“ಅದೂ ಕೇಳಲಿಲ್ಲ. ನನಗ ಆ ಫ್ರಿಜ್ ನೋಡಿ ಮಾತೇ ಹೊರಡಲಿಲ್ಲ.”

ಆಕೆಯೇ ಎರಡನ್ನೂ ಬೇರ್ಪಡಿಸಿದಳು. ಫ್ರಿಜ್ ಕಂಡದ್ದು. ಮೋಸ ಅಂದುಕೊಂಡದ್ದು. ನಾನು “ನೀ ತಪ್ಪು ತಿಳ್ಕೊಂಡಿ” ಎನ್ನಲಿಲ್ಲ. ಏಕೆಂದರೆ ಆಕೆಯ ಅಂದಾಜು ನಿಜವೂ ಇರಬಹುದಿತ್ತು. “ಹಂಗಾದ್ರ ಕೇಳೋಣು” ಎಂದೆ.

*ಯಾರು, ಯಾವಾಗ, ಏನು ಕೇಳಬೇಕು*

ಇಲ್ಲಿ ಇನ್ನೊಂದು ತಪ್ಪು ಕಾಯುತ್ತಿರುತ್ತದೆ. ಗಂಡ ಕೂಡಲೇ ಫೋನ್ ಹಚ್ಚಿ “ಅಕ್ಕಾ, ಈಕಿ ಹಿಂಗಂತಾಳ ನೋಡು” ಎನ್ನುತ್ತಾನೆ. ಅದು ಕೋಸಂಬಿಯ ಶಿಷ್ಯರ ಕೆಲಸ. ಹೆಂಡತಿ ನಂಬಿ ಹೇಳಿದ ಮಾತನ್ನು ಅಕ್ಕನ ಮುಂದೆ ಇಟ್ಟು, ತಾನು ಮಾತ್ರ ಒಳ್ಳೆಯವನಾಗಿ ಉಳಿಯುವ ಉಪಾಯ. ಪಿಸುಣಾ ವಾಚಾ, ಅಂದರೆ ಚಾಡಿ ಮಾತು, ಸುಳ್ಳೇ ಆಗಬೇಕಿಲ್ಲ. ಇಲ್ಲಿ ಕೇಳಿದ್ದನ್ನು ಅಲ್ಲಿ ಹೇಳಿ ಇಬ್ಬರನ್ನು ಒಡೆದರೆ, ನಿಜ ಹೇಳಿದ್ದರೂ ಅದು ಚಾಡಿಯೇ.

ಅಕ್ಕ ನನ್ನ ರಕ್ತಸಂಬಂಧಿ. ಮಾತು ಕೊಟ್ಟವನು ನಾನು. ಹಾಗಾಗಿ ಕೇಳಬೇಕಾದವನೂ ನಾನೇ, ನನ್ನ ಹೆಸರಿನಲ್ಲೇ. ಏನು ಕೇಳಬೇಕೆಂದು ಇಬ್ಬರೂ ಕೂತು ಗೊತ್ತುಮಾಡಿಕೊಂಡೆವು. ಮುಂದಿನ ಭಾನುವಾರ ಊರಿಗೆ ಹೋಗಿ, ಫೋನಿನಲ್ಲಿ ಅಲ್ಲದೆ ಎದುರಿಗೆ ಕೂತು ಕೇಳುವುದು. ಹಣದ ಬಗ್ಗೆ ಮಾತ್ರ ಕೇಳುವುದು, ಫ್ರಿಜ್ಜಿನ ಮಾತು ಎತ್ತದಿರುವುದು. ಯಾಕೆಂದರೆ ಫ್ರಿಜ್ ಅವರ ಮನೆಯ ವಿಷಯ, ಸಾಲ ಮಾತ್ರ ನಮ್ಮಿಬ್ಬರ ವಿಷಯ. ಅದಕ್ಕೂ ಮೊದಲು ನಾನು ಆಡಿದ ಮಾತಿಗೆ ಕ್ಷಮೆ ಕೇಳುವುದು.

ಅಕ್ಕನ ಮನೆಯಲ್ಲಿ ಹೇಳಿದ್ದು ಇಷ್ಟು: “ಅಕ್ಕಾ, ಮೊದಲ ನಿನ್ನ ಬಗ್ಗೆ ನಾ ಒಂದ್ ಕೆಟ್ಟ ಮಾತು ಆಡಿದ್ದೆ, ಅದು ನನ್ನ ತಪ್ಪು. ಇನ್ನೊಂದು, ಆ 50,000 ಜನವರಿಯೊಳಗ ಬರಬೇಕಿತ್ತು. ಅದರಾಗ 20,000 ನನ್ನದಲ್ಲ. ಯಾವಾಗ, ಎಷ್ಟೆಷ್ಟು ಆಗ್ತದ, ಹೇಳು.”

ಅಕ್ಕ ಅತ್ತಳು. ಆ ವರ್ಷ ತೊಗರಿಗೆ ನೆಟೆ ರೋಗ ಬಂದು ಗಿಡ ನಿಂತಲ್ಲೇ ಒಣಗಿದ್ದವು. ಬಂದದ್ದು ಬೀಜ ಗೊಬ್ಬರದ ಸಾಲಕ್ಕೇ ಸಾಲಲಿಲ್ಲ. ಫ್ರಿಜ್ ಅಳಿಯ ಕಂತಿನಲ್ಲಿ ಕೊಡಿಸಿದ್ದು. ಅದನ್ನು ನಾನು ಕೇಳದಿದ್ದರೂ ಅವಳೇ ಹೇಳಿದಳು. “ಕೊಡಲಿಕ್ಕ ಆಗಲಿಲ್ಲ, ಮಾರಿ ತೋರ್ಸಲಿಕ್ಕ ನಾಚಿಕಿ ಬಂತು, ಅದಕ್ಕ ಫೋನ್ ಮಾಡಲಿಲ್ಲ.”

ಇದನ್ನು ಓದಿ “ನೋಡಿ, ಅಕ್ಕ ನಿರಪರಾಧಿ, ಹೆಂಡತಿ ತಪ್ಪು ತಿಳಿದಳು” ಎನ್ನಬೇಡಿ. ಮೋಸ ಇರಲಿಲ್ಲ, ನಿಜ. ಆದರೆ ಕೊಡುವುದು ತಡವಾಗುತ್ತದೆ ಎಂದು ಜನವರಿಯಲ್ಲೇ ಒಂದು ಮಾತು ಹೇಳಬೇಕಾದದ್ದು ಅಕ್ಕನ ಪಾಲಿನ ಕೆಲಸ, ಅವಳು ಹೇಳಲಿಲ್ಲ. ಇದನ್ನು ನಾನು ಅಕ್ಕನಿಗೂ ಹೇಳಿದೆ. ಎರಡೂ ಕಡೆ ಕೇಳಿದ ಮೇಲೆ ಅದನ್ನು ಹೇಳುವ ಹಕ್ಕು ಬಂದಿತ್ತು. ತಿಂಗಳಿಗೆ 5,000ದಂತೆ ಕೊಡುವುದು, ಮೊದಲ ನಾಲ್ಕು ಕಂತು ನನ್ನ ಹೆಂಡತಿಯ ಖಾತೆಗೆ ಎಂದಾಯಿತು. ಮೂರನೆಯ ಕಂತು ತಡವಾಯಿತು. ಆದರೆ ಈ ಸಲ ತಾರೀಖಿಗೆ ಮೊದಲೇ ಅಕ್ಕನ ಫೋನ್ ಬಂತು, ಅದೂ ನನಗಲ್ಲ, ನನ್ನ ಹೆಂಡತಿಗೆ.

*ದಾರಿ ತಪ್ಪುತ್ತಿದೆ ಎಂದು ತಿಳಿಯುವುದು ಹೇಗೆ*

ಸಂಗಾತಿ ಒಂದೇ ಘಟನೆಯನ್ನು ಒಂದೇ ಕೂತಲ್ಲಿ ಮೂರನೆಯ ಸಲ, ದನಿ ಏರಿಸಿ ಹೇಳುತ್ತಿದ್ದರೆ, ಮೊದಲ ಎರಡು ಸಲ ನೀವು ಕೇಳಿಲ್ಲ ಎಂದರ್ಥ. ಮತ್ತೆ ಮೊದಲಿನಿಂದ, ಆದದ್ದನ್ನೂ ಅನಿಸಿದ್ದನ್ನೂ ತಿರುಗಿ ಹೇಳಿ. ನಿಮ್ಮ ಬಾಯಲ್ಲಿ “ಯಾವಾಗ್ಲೂ”, “ಮೊದಲಿಂದನೂ ಹಂಗೇ” ಎಂಬ ಪದ ಬಂದರೆ ನೀವು ಒಂದು ಕೆಲಸದ ಮಾತು ಬಿಟ್ಟು ಒಬ್ಬ ಮನುಷ್ಯರ ಮೇಲೆ ತೀರ್ಪು ಕೊಡುತ್ತಿದ್ದೀರಿ. ಆಡುವ ಮೊದಲು ಒಂದು ಪರೀಕ್ಷೆ ಮಾಡಿ: ಎದುರಿಗಿಲ್ಲದವರು ಬಾಗಿಲ ಹಿಂದೆ ನಿಂತು ಕೇಳಿದರೆ ಈ ವಾಕ್ಯವನ್ನು ಹೀಗೇ ಹೇಳುತ್ತಿದ್ದೆನೇ? ಎರಡನೆಯ ರಾತ್ರಿ ನಾನು ಈ ಪರೀಕ್ಷೆ ಮಾಡಿದ್ದರೆ ಮೂರು ವಾರದ ಮೌನ ತಪ್ಪುತ್ತಿತ್ತು.

ಇನ್ನೊಂದು ತಪ್ಪು ನಮ್ಮಂಥ ಧಮ್ಮ ಓದುವವರದ್ದೇ. ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಸಮ್ಯಕ್ ವಾಚೆಯನ್ನು ವಿವರಿಸುವಾಗ ಇತರರ ಬಗ್ಗೆ ಕೆಟ್ಟದ್ದು ಆಡಬಾರದು ಎಂದೂ ಹೇಳುತ್ತಾರೆ. ಇದನ್ನೇ ಹಿಡಿದು ಕೆಲವು ಗಂಡಸರು ಹೆಂಡತಿ ಬಾಯಿ ತೆರೆದ ಕೂಡಲೇ “ಪರನಿಂದೆ ಮಾಡಬೇಡ, ಶೀಲ ಕೆಡುತ್ತದೆ” ಎನ್ನುತ್ತಾರೆ. ಶೀಲವನ್ನು ನಾವು ಸ್ವೀಕರಿಸುವುದು ನಮ್ಮ ನಾಲಿಗೆಗೆ. ಇನ್ನೊಬ್ಬರ ನೋವಿನ ಬಾಯಿಗೆ ಹಾಕುವ ಬೀಗವಲ್ಲ ಅದು. ನನ್ನ ಹೆಂಡತಿ ಆಡಿದ ಮಾತಿನ ತೂಕ ಆಕೆ ನೋಡಿಕೊಳ್ಳುತ್ತಾಳೆ. ನನ್ನ ಉತ್ತರದ ತೂಕ ನಾನು ನೋಡಿಕೊಳ್ಳಬೇಕು.

*ತಟಸ್ಥತೆ ಸಲ್ಲದ ಕಡೆ*

ಮೇಲೆ ಹೇಳಿದ್ದೆಲ್ಲ ತಡವಾದ ಹಣ, ಚುಚ್ಚುಮಾತು, ಕರೆಯದ ಮದುವೆ, ಹಂಚಿಕೊಳ್ಳದ ಕೆಲಸ ಇಂಥವಕ್ಕೆ. ಸಂಗಾತಿ ಬಂದು, ಮೈಮೇಲೆ ಕೈ ಮಾಡಿದರು, ಕೆಟ್ಟದಾಗಿ ಮುಟ್ಟಿದರು, ವರದಕ್ಷಿಣೆಗೆ ಪೀಡಿಸಿದರು ಎಂದರೆ ಮೊದಲ ಕೆಲಸ ರಕ್ಷಣೆ. ಹೆಂಡತಿ ಬಂದು “ಆಫೀಸಿನಾಗ ಸಾಹೇಬ್ರು ಎಲ್ಲಾರ ಮುಂದ ಜಾತಿ ಹಿಡಿದು ಬೈದ್ರು” ಎಂದಾಗ, “ಅವರು ಹಾಗೆ ಅಂದಿರಲಿಕ್ಕಿಲ್ಲ, ಬೇರೆ ಅರ್ಥದಲ್ಲಿ ಅಂದಿರಬೇಕು” ಎನ್ನುವ ಗಂಡ ತಟಸ್ಥನಲ್ಲ. ಅವನು ಬೈದವನ ವಕೀಲ. ನಾವು ಎಷ್ಟು ತಲೆಮಾರು ಆ ವಾದವನ್ನು ಹೊರಗಿನವರಿಂದ ಕೇಳಿಲ್ಲ? ಅದು ಮನೆಯೊಳಗಿಂದಲೂ ಬರಬಾರದು.

ಅಲ್ಲಿ ಮಾಡಬೇಕಾದದ್ದು ಬೇರೆ. “ನಾ ನಿನ್ನ ಜೊತಿ ಇದ್ದೀನಿ” ಎಂದು ಮೊದಲು ಹೇಳಿ. ಅದೇ ರಾತ್ರಿ ಕೂತು ತಾರೀಖು, ಸಮಯ, ಸ್ಥಳ, ಆಡಿದ ಮಾತು ಅದೇ ಪದಗಳಲ್ಲಿ, ಕೇಳಿದವರ ಹೆಸರು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಡಿ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾತಿ ಹಿಡಿದು ನಿಂದಿಸುವುದು ಅಪರಾಧ. ಹಾಗಾಗಿ ಎಲ್ಲಿ, ಯಾರ ಮುಂದೆ ಎಂಬುದಕ್ಕೆ ಬೆಲೆಯಿದೆ. ಮನೆಯೊಳಗಿನ ಹಿಂಸೆಗೆ 2005ರ ಕಾಯ್ದೆ ಇದೆ, ಮಹಿಳಾ ಸಹಾಯವಾಣಿ 181 ಇದೆ, ತುರ್ತಿಗೆ 112 ಇದೆ. ಕಂಡದ್ದು ಯಾವುದು, ಅಂದುಕೊಂಡದ್ದು ಯಾವುದು ಎಂದು ಬೇರ್ಪಡಿಸುವ ಅಭ್ಯಾಸ ಇಲ್ಲಿಯೂ ಬೇಕಾಗುತ್ತದೆ. ಆದರೆ ಇಲ್ಲಿ ಅದು ಸಂಗಾತಿಯನ್ನು ಪರೀಕ್ಷಿಸುವುದಕ್ಕಲ್ಲ, ಆಕೆಯ ದೂರು ಠಾಣೆಯಲ್ಲೂ ಕೋರ್ಟಿನಲ್ಲೂ ಗಟ್ಟಿಯಾಗಿ ನಿಲ್ಲುವುದಕ್ಕೆ.

*ಇಂದಿನ ಅಭ್ಯಾಸ*

ಇಂದು ಅಥವಾ ನಾಳೆ ನಿಮ್ಮ ಮನೆಯಲ್ಲಿ ಒಂದು ದೂರು ಬಂದೇ ಬರುತ್ತದೆ. ಅತ್ತೆಯ ಮೇಲೆ, ಮೈದುನನ ಮೇಲೆ, ಪಕ್ಕದ ಮನೆಯವರ ಮೇಲೆ. ಉಪಾಸಿಕೆಯರೇ, ನಿಮ್ಮ ಗಂಡ ನಿಮ್ಮ ತಮ್ಮನ ಮೇಲೆ ದೂರು ತಂದಾಗಲೂ ಪಾಠ ಇದೇ. ಫೋನ್ ಕೆಳಗಿಡಿ. ಆದದ್ದನ್ನೂ ಅವರಿಗೆ ಅನಿಸಿದ್ದನ್ನೂ ಒಂದು ವಾಕ್ಯದಲ್ಲಿ ತಿರುಗಿ ಹೇಳಿ, “ಹೌದಿಲ್ಲೋ?” ಎಂದು ಕೇಳಿ. ಆಮೇಲೆ “ಬರೇ ಕೇಳಬೇಕಾ, ಏನರ ಮಾಡಬೇಕಾ?” ಎಂದು ಕೇಳಿ. ಇಂದಿಗೆ ಇವೆರಡೇ ಪ್ರಶ್ನೆ ಸಾಕು. ಎದುರಿಗಿಲ್ಲದವರ ಬಗ್ಗೆ ನಿಮ್ಮ ತೀರ್ಪನ್ನು ಅವರನ್ನು ಕಾಣುವ ದಿನದವರೆಗೆ ಎತ್ತಿಡಿ.

ಆದದ್ದು ಹೇಗೆಂದು ಭಾನುವಾರ ವಂದನೆಯ ನಂತರ ಮಾತಾಡೋಣ. ಆ ತರುಣನೂ ಬರುತ್ತಾನೆ. ಬರುವಾಗ ಮನೆಯವರನ್ನೂ ಕರೆತಾ ಎಂದು ಹೇಳಿದ್ದೇನೆ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.